ಮೊದಲೇ ಗೊತ್ತಾದ ಹಣಕ್ಕೆ ಬಲವೆಷ್ಟು?

1970ರ ದಶಕದ ಅಮೆರಿಕದಲ್ಲಿ ಬೆಲೆಗಳೂ ಏರಿದವು, ನಿರುದ್ಯೋಗವೂ ಏರಿತು. ಒಂದಿಷ್ಟು ಹಣದುಬ್ಬರ ಸಹಿಸಿಕೊಂಡರೆ ಹೆಚ್ಚು ಜನರಿಗೆ ಕೆಲಸ ಸಿಗುತ್ತದೆ ಎಂದು ನಂಬಿದ್ದ ಅರ್ಥಶಾಸ್ತ್ರಜ್ಞರಿಗೆ ಇದು ಒಗಟಾಯಿತು. ಆ ನಂಬಿಕೆಯ ಬುಡವನ್ನೇ ಅಲುಗಾಡಿಸಿದವರು ರಾಬರ್ಟ್ ಲ್ಯೂಕಸ್. ನೋಟುಗಳು ದುಪ್ಪಟ್ಟಾಗಿ ಎಲ್ಲ ಬೆಲೆಗಳೂ ದುಪ್ಪಟ್ಟಾದರೆ ಯಾರ ಸ್ಥಿತಿಯೂ ಬದಲಾಗದು. ಹಾಗಿದ್ದ ಮೇಲೆ ಹಣ ಹೆಚ್ಚಾದಾಗ ಜನ ಹೆಚ್ಚು ದುಡಿಯುವುದೇಕೆ? ಇದಕ್ಕೆ 1972ರಲ್ಲಿ ಅವರು ಕೊಟ್ಟ ಉತ್ತರ ಇಷ್ಟು: ಏನು ನಡೆಯುತ್ತಿದೆ ಎಂಬುದು ಅವರಿಗೆ ಆ ಕ್ಷಣಕ್ಕೆ ಪೂರ್ತಿ ಗೊತ್ತಿರುವುದಿಲ್ಲ.

ಒಬ್ಬ ಚಪ್ಪಲಿ ತಯಾರಕನನ್ನು ಕಲ್ಪಿಸಿಕೊಳ್ಳೋಣ. ತನ್ನ ಚಪ್ಪಲಿಯ ಬೆಲೆ ಅವನಿಗೆ ಇಂದೇ ತಿಳಿಯುತ್ತದೆ. ಮಿಕ್ಕ ಸಾವಿರಾರು ಸರಕುಗಳ ಬೆಲೆ ತಡವಾಗಿ ತಿಳಿಯುತ್ತದೆ. ಕೇಂದ್ರ ಬ್ಯಾಂಕ್ ಪ್ರತಿವರ್ಷ ಹಣವನ್ನು 5% ಹೆಚ್ಚಿಸುತ್ತಾ ಬಂದಿದ್ದು, ಬೆಲೆಗಳೂ ಅಷ್ಟೇ ಏರುತ್ತಿವೆ ಎನ್ನೋಣ. ಚಪ್ಪಲಿ ಬೆಲೆ 5% ಏರಿದರೆ ಅವನು ಮಿಸುಕುವುದಿಲ್ಲ. ಒಂದು ವರ್ಷ ಬ್ಯಾಂಕ್ ಸುಳಿವು ಕೊಡದೆ 8% ಹೆಚ್ಚಿಸಿತು, ಚಪ್ಪಲಿ ಬೆಲೆಯೂ 8% ಏರಿತು. ಈ ಹೆಚ್ಚುವರಿ 3% ಎಲ್ಲಿಂದ ಬಂತು? ತನ್ನ ಚಪ್ಪಲಿಗೇ ಬೇಡಿಕೆ ಕುದುರಿದೆಯೋ, ಎಲ್ಲ ಬೆಲೆಗಳೂ ಏರಿವೆಯೋ? ಇಂಥ ಏರಿಕೆಗಳಲ್ಲಿ ಮೂರನೇ ಒಂದು ಭಾಗ ನಿಜವಾದ ಬೇಡಿಕೆಯದು ಎಂದು ಹಿಂದಿನ ಅನುಭವ ಹೇಳಿದರೆ, 1% ಮಾತ್ರ ಅಸಲಿ ಎಂದು ಲೆಕ್ಕಹಾಕಿ ಅಷ್ಟರ ಮಟ್ಟಿಗೆ ಕೆಲಸ ಹೆಚ್ಚಿಸುತ್ತಾನೆ. ನೇಕಾರ, ಬಡಗಿ ಎಲ್ಲರೂ ಹಾಗೆಯೇ ಮಾಡುವುದರಿಂದ ದೇಶದ ಉತ್ಪಾದನೆ ಏರುತ್ತದೆ. ಚರ್ಮದಿಂದ ಹಿಡಿದು ಊಟದವರೆಗೆ ಎಲ್ಲದರ ಬೆಲೆಯೂ ಏರಿದ್ದು ಗೊತ್ತಾದಾಗ ಅದು ಹಳೆಯ ಮಟ್ಟಕ್ಕೆ ಮರಳುತ್ತದೆ.

ಅವನು ಮೂರ್ಖನಲ್ಲ ಎಂಬುದನ್ನು ಗಮನಿಸಬೇಕು. ಕೈಯಲ್ಲಿದ್ದ ಮಾಹಿತಿಯಿಂದ ಸಾಧ್ಯವಾದಷ್ಟು ಸರಿಯಾಗಿಯೇ ಊಹಿಸಿದ್ದಾನೆ. ವಿವೇಚನಾಯುಕ್ತ ನಿರೀಕ್ಷೆ ಎಂದರೆ ಇದೇ: ಊಹೆ ತಪ್ಪಬಹುದು, ಆದರೆ ಒಂದೇ ದಿಕ್ಕಿನಲ್ಲಿ ಪದೇ ಪದೇ ತಪ್ಪುವುದಿಲ್ಲ. ಆದ್ದರಿಂದ ಬೆಲೆಗಳು ಸದಾ ಹುಚ್ಚೆದ್ದು ಕುಣಿಯುವ ದೇಶದಲ್ಲಿ ಹಣದ ಅಚ್ಚರಿ ಕೆಲಸ ಮಾಡಬಾರದು. 1973ರಲ್ಲಿ ಲ್ಯೂಕಸ್ 18 ದೇಶಗಳ ಅಂಕಿಅಂಶಗಳನ್ನು ಹೋಲಿಸಿದಾಗ ಕಂಡದ್ದೂ ಅದೇ. ಬೆಲೆ ಸ್ಥಿರವಾಗಿದ್ದ ಅಮೆರಿಕದಲ್ಲಿ ಬೇಡಿಕೆ ಏರಿದರೆ ಉತ್ಪಾದನೆ ಏರುತ್ತಿತ್ತು. ಅರ್ಜೆಂಟೀನಾದಲ್ಲಿ ಬಹುಮಟ್ಟಿಗೆ ಬೆಲೆ ಮಾತ್ರ ಏರುತ್ತಿತ್ತು.

ಥಾಮಸ್ ಸಾರ್ಜೆಂಟ್ ಮತ್ತು ನೀಲ್ ವಾಲೇಸ್ 1975ರಲ್ಲಿ ಈ ವಾದವನ್ನು ಅದರ ತುದಿಗೆ ಒಯ್ದರು. ನಿರುದ್ಯೋಗ ಹೆಚ್ಚಾದಾಗ ಹಣವನ್ನು 3% ಹೆಚ್ಚು ಬಿಡುವುದು ಬ್ಯಾಂಕಿನ ನಿಯಮ ಎಂದುಕೊಳ್ಳಿ. ಆ ನಿರುದ್ಯೋಗದ ಅಂಕಿಯನ್ನು ಜನರೂ ಓದುತ್ತಾರೆ, ನಿಯಮವೂ ಅವರಿಗೆ ಗೊತ್ತು. ಆ 3% ಬರುವ ಮೊದಲೇ ಬೆಲೆ, ಕೂಲಿಗಳಲ್ಲಿ ಸೇರಿಹೋಗಿರುತ್ತದೆ. ಅಚ್ಚರಿ ಸೊನ್ನೆಯಾಗುವುದರಿಂದ ಉತ್ಪಾದನೆ ಕದಲುವುದಿಲ್ಲ. ಹಾಗಾದರೆ ನಿಯಮವನ್ನೇ ಬಿಟ್ಟು ಜನರನ್ನು ಬೆಚ್ಚಿಬೀಳಿಸಬಹುದಲ್ಲ? ಬೀಳಿಸಬಹುದು. ಆದರೆ ಯಾರೂ ಊಹಿಸಲಾಗದ ಹೆಜ್ಜೆಗೆ ನಿರುದ್ಯೋಗದ ಜೊತೆ ಯಾವ ನಂಟೂ ಇರಕೂಡದು. ಇದ್ದರೆ ಜನ ಅದನ್ನು ಪತ್ತೆಹಚ್ಚುತ್ತಾರೆ. ನಂಟಿಲ್ಲದ ಹೆಜ್ಜೆಯಿಂದ ಏರಿಳಿತ ಹೆಚ್ಚುತ್ತದೆಯೇ ಹೊರತು ಶಮನವಾಗುವುದಿಲ್ಲ. ಇಡೀ ಸಿದ್ಧಾಂತದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಈ ಮಾತೇ.

ಆದರೆ ವಾದ ನಿಂತಿರುವುದು ಎರಡು ಕಾಲುಗಳ ಮೇಲೆ. ಬ್ಯಾಂಕಿಗೆ ಗೊತ್ತಿದ್ದುದೆಲ್ಲ ಜನರಿಗೂ ಗೊತ್ತಿರಬೇಕು; ಗೊತ್ತಾದ ಕೂಡಲೇ ಬೆಲೆ, ಕೂಲಿಗಳನ್ನು ಬದಲಿಸಲು ಅವರಿಗೆ ಸಾಧ್ಯವಾಗಬೇಕು. ಸ್ಟಾನ್ಲಿ ಫಿಷರ್ 1977ರಲ್ಲಿ ತಟ್ಟಿದ್ದು ಎರಡನೆಯದನ್ನು. ಅಮೆರಿಕದ ದೊಡ್ಡ ಕಾರ್ಮಿಕ ಸಂಘಗಳು ಮೂರು ವರ್ಷಗಳ ವೇತನ ಒಪ್ಪಂದ ಮಾಡಿಕೊಳ್ಳುವುದು ಸಾಮಾನ್ಯವಾಗಿತ್ತು. ಮೊದಲ ವರ್ಷ ಸಹಿ ಹಾಕಿದ ಕಾರ್ಮಿಕ ಎರಡನೇ ವರ್ಷದ ಹಣದ ನೀತಿಯನ್ನು ಚೆನ್ನಾಗಿ ಅರಿತರೂ ಕೂಲಿ ಬದಲಿಸಲಾರ. ಬ್ಯಾಂಕ್ ಮಾತ್ರ ಪ್ರತಿ ತಿಂಗಳೂ ಹೆಜ್ಜೆ ಬದಲಿಸಬಲ್ಲದು. ಹಾಗಾಗಿ ಜನರು ಪೂರ್ತಿ ವಿವೇಚನೆಯಿಂದ ನಡೆದುಕೊಂಡರೂ ನೀತಿಗೆ ಬಲ ಉಳಿಯುತ್ತದೆ.

ಇದರ ಪರೀಕ್ಷೆ ದೊಡ್ಡ ಪ್ರಮಾಣದಲ್ಲೇ ನಡೆಯಿತು. 1979ರ ಅಕ್ಟೋಬರ್ 6ರಂದು ಫೆಡರಲ್ ರಿಸರ್ವ್ ಅಧ್ಯಕ್ಷ ಪಾಲ್ ವೋಲ್ಕರ್ ಹಣದ ಹರಿವನ್ನು ಬಿಗಿಗೊಳಿಸುವುದಾಗಿ ಬಹಿರಂಗವಾಗಿಯೇ ಸಾರಿದರು. ಸಾರಿದ ನೀತಿಗೆ ಉತ್ಪಾದನೆಯ ಮೇಲೆ ಪರಿಣಾಮವಿಲ್ಲ ಎಂಬುದು ನಿಜವಾಗಿದ್ದರೆ ಹಣದುಬ್ಬರ ನೋವಿಲ್ಲದೆ ಇಳಿಯಬೇಕಿತ್ತು. 1980ರಲ್ಲಿ ಸರಾಸರಿ 13.5% ಇದ್ದ ಹಣದುಬ್ಬರ 1983ರಲ್ಲಿ 3.2%ಕ್ಕೆ ಇಳಿಯಿತು ನಿಜ, ಆದರೆ 1982ರ ಕೊನೆಗೆ ನಿರುದ್ಯೋಗ 10.8% ಮುಟ್ಟಿತ್ತು. ಜನ ಆ ಘೋಷಣೆಯನ್ನು ನಂಬಲೇ ಇಲ್ಲ, ಹಾಗಾಗಿ ಅದೂ ಅಚ್ಚರಿಯೇ ಎಂದು ಸಿದ್ಧಾಂತದ ಪರವಾಗಿರುವವರು ಹೇಳುತ್ತಾರೆ. ಇದರಲ್ಲಿ ಹುರುಳಿದೆ. ಆದರೆ ನಂಬಿದವರ ಕೈಯನ್ನೂ ಹಳೆಯ ಒಪ್ಪಂದಗಳು ಕಟ್ಟಿಹಾಕಿದ್ದವು ಎಂಬುದು ನನಗೆ ಹೆಚ್ಚು ತೂಕದ ಕಾರಣವಾಗಿ ಕಾಣುತ್ತದೆ.

ಸಾರ್ಜೆಂಟರೇ 1982ರಲ್ಲಿ ಮುಂದಿಟ್ಟ ನಿದರ್ಶನ ಇದಕ್ಕೆ ಪುಷ್ಟಿ ಕೊಡುತ್ತದೆ. 1923ರ ನವೆಂಬರಿನಲ್ಲಿ ಜರ್ಮನಿ ಹೊಸ ನಾಣ್ಯ ತಂದು, ಸರ್ಕಾರದ ಖರ್ಚಿಗಾಗಿ ನೋಟು ಮುದ್ರಿಸುವುದನ್ನು ನಿಲ್ಲಿಸಿದಾಗ, ಗಗನಕ್ಕೇರಿದ್ದ ಹಣದುಬ್ಬರ ಥಟ್ಟನೆ ನಿಂತಿತು; ಅದರ ಗಾತ್ರಕ್ಕೆ ಹೋಲಿಸಿದರೆ ಉತ್ಪಾದನೆಗೆ ಬಿದ್ದ ಪೆಟ್ಟು ಚಿಕ್ಕದು. ಅಲ್ಲಿನ ಜನ ಬದಲಾವಣೆಯನ್ನು ನಂಬಿದರು. ಜೊತೆಗೆ, ಕೂಲಿಯನ್ನು ದಿನದಿನಕ್ಕೆ ಬಟವಾಡೆ ಮಾಡುತ್ತಿದ್ದ ಆ ದೇಶದಲ್ಲಿ ಮುರಿಯಬೇಕಾದ ಮೂರು ವರ್ಷಗಳ ಒಪ್ಪಂದಗಳೇ ಉಳಿದಿರಲಿಲ್ಲ.