ಎರಡು ರೋಹಿತಚಿತ್ರಗಳಿಂದ ಒಂದು ಅಣುವಿನ ಪರಿಚಯ

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿನ ಬೈಜಿಕ ಅನುರಣನವನ್ನು ಕುರಿತು 1951ರಷ್ಟು ಹಿಂದೆಯೇ ಬರೆದರು. ಸಿ. ಎನ್. ಆರ್. ರಾವ್ ಅವರ ಅವಕೆಂಪು ರೋಹಿತದ ಗ್ರಂಥ 1963ರಲ್ಲಿ ಹೊರಬಂದಿತು. ಇಂತಹ ಯಂತ್ರಗಳನ್ನು ಜವಳಗಿರಿಯ ಕಡೆಯ ಶಾಲೆಗಳಲ್ಲಿ ನಾವು ನಿರೀಕ್ಷಿಸಲಾಗದು. ಆದರೆ ಅವು ಬರೆದ ಚಿತ್ರದ ಛಾಯಾಪ್ರತಿಯೊಂದು ಕೈಗೆ ಬಂದರೆ ಅಳತೆಪಟ್ಟಿಯಿಂದಲೇ ಅದನ್ನು ಓದಬಹುದು. ಒಂದು ಉದಾಹರಣೆಯನ್ನು ನೋಡೋಣ.

ವಸ್ತುವಿನ ಅಣುಸೂತ್ರ C4H8O2 ಎಂದು ತಿಳಿದಿದೆ ಎನ್ನೋಣ. ನಾಲ್ಕು ಇಂಗಾಲಗಳ ಪರ್ಯಾಪ್ತ ಅಣುವಿಗೆ ಹತ್ತು ಜಲಜನಕಗಳು ಬೇಕು. ಇಲ್ಲಿ ಎರಡು ಕಡಮೆ. ಆದುದರಿಂದ ಒಂದು ದ್ವಿಬಂಧವೋ ಒಂದು ಉಂಗುರವೋ ಇರಲೇಬೇಕು. ಅವಕೆಂಪು ಚಿತ್ರದಲ್ಲಿ 1740ರ ಬಳಿ ಆಳವಾದ ಇಳಿತವಿದೆ: ಅದು ಇಂಗಾಲ-ಆಮ್ಲಜನಕ ದ್ವಿಬಂಧ. 1240ರ ಬಳಿ ಇನ್ನೊಂದು ಇಳಿತವಿದೆ. 3000ದ ಆಸುಪಾಸಿನಲ್ಲಿ ಆಮ್ಲಕ್ಕೆ ಸಹಜವಾದ ಅಗಲವಾದ ಕಣಿವೆ ಇಲ್ಲ. ಹಾಗಾದರೆ ಇದು ಆಮ್ಲವಲ್ಲ, ಎಸ್ಟರ್.

ಇನ್ನು ಪ್ರೋಟಾನ್ ಚಿತ್ರ. ಇದರ ಮಾನ ಬಲದಿಂದ ಎಡಕ್ಕೆ ಏರುತ್ತದೆ. ಸೊನ್ನೆಯ ಗುರುತಿನ ಶೃಂಗದಿಂದ ದ್ರಾವಕವಾದ ಕ್ಲೋರೋಫಾರಂನ 7.26ರ ಶೃಂಗದವರೆಗೆ 145.2 ಮಿ.ಮೀ. ಇದ್ದರೆ, 20 ಮಿ.ಮೀ.ಗೆ ಒಂದು ಮಾನ. ಒಂದು ಚತುಷ್ಕದ ನಡುವು 82.4 ಮಿ.ಮೀ. ದೂರದಲ್ಲಿದ್ದರೆ ಅದರ ಸ್ಥಾನ 4.12. ಛಾಯಾಚಿತ್ರವನ್ನು ಓರೆಯಾಗಿ ತೆಗೆದಿದ್ದರೆ ಈ ಲೆಕ್ಕ ಕೆಡುತ್ತದೆ. ಕೆಳಗಿನ ಗೀಟುಗಳ ಅಂತರ ಸಮವಾಗಿದೆಯೇ ಎಂದು ಮೊದಲು ಅಳೆಯಬೇಕು.

ಉಳಿದ ಶೃಂಗಗಳು 2.04ರಲ್ಲಿ ಒಂಟಿ, 1.26ರಲ್ಲಿ ತ್ರಿಕ. ಕ್ಷೇತ್ರಫಲವನ್ನು ತೋರುವ ಮೆಟ್ಟಿಲುಗಳ ಎತ್ತರ ಕ್ರಮವಾಗಿ 18, 27, 27 ಮಿ.ಮೀ.; ಅಂದರೆ 2:3:3. ಸೂತ್ರದ ಎಂಟು ಜಲಜನಕಗಳೂ ಲೆಕ್ಕಕ್ಕೆ ಬಂದವು. ಚತುಷ್ಕಕ್ಕೆ ನೆರೆಯಲ್ಲಿ ಮೂರು, ತ್ರಿಕಕ್ಕೆ ಎರಡು ಜಲಜನಕಗಳಿರಬೇಕು. ಆದುದರಿಂದ ಅವೆರಡೂ ಸೇರಿ ಈಥೈಲ್ ಗುಂಪು. ಒಂಟಿ ಶೃಂಗ ನೆರೆಯಿಲ್ಲದ ಮೀಥೈಲ್.

ತೊಡಕು ಇರುವುದು ಇಲ್ಲಿಯೇ. ಈ ತುಂಡುಗಳಿಂದ ಈಥೈಲ್ ಅಸಿಟೇಟನ್ನೂ ಕಟ್ಟಬಹುದು, ಮೀಥೈಲ್ ಪ್ರೊಪಿಯೊನೇಟನ್ನೂ ಕಟ್ಟಬಹುದು. ಎರಡಕ್ಕೂ 1740ರ ಇಳಿತ ಒಂದೇ. ಒಂಟಿ, ತ್ರಿಕ, ಚತುಷ್ಕಗಳೂ ಒಂದೇ. ತೀರ್ಪು ಕೊಡುವುದು ಶೃಂಗದ ಸ್ಥಾನ ಮಾತ್ರ. ಆಮ್ಲಜನಕಕ್ಕೆ ಅಂಟಿದ ಇಂಗಾಲದ ಜಲಜನಕಗಳು ಎಲೆಕ್ಟ್ರಾನುಗಳ ಮರೆಯನ್ನು ಕಳೆದುಕೊಂಡು ಎಡಕ್ಕೆ, 4ರ ಸುತ್ತಿಗೆ, ಸರಿಯುತ್ತವೆ. ನಮ್ಮ ಚಿತ್ರದಲ್ಲಿ ಹಾಗೆ ಸರಿದುದು ಚತುಷ್ಕ. ಆದುದರಿಂದ ಇದು ಈಥೈಲ್ ಅಸಿಟೇಟ್. ಮೀಥೈಲ್ ಪ್ರೊಪಿಯೊನೇಟ್ ಆಗಿದ್ದರೆ ಒಂಟಿ ಶೃಂಗವೇ 3.67ರಲ್ಲಿದ್ದು, ಚತುಷ್ಕ 2.3ರ ಬಳಿ ಇರುತ್ತಿತ್ತು.

ಚಿತ್ರದ ಮೇಲೆ ಯಾರೋ ಬರೆದಿಟ್ಟ ಗುರುತುಗಳನ್ನು ಈ ಅಳತೆಗೆ ಹೊಂದಿಸಿ ನೋಡಿದ ಮೇಲೆಯೇ ಒಪ್ಪಬೇಕು. ಮೆಟ್ಟಿಲುಗಳು ಪ್ರಮಾಣವನ್ನಷ್ಟೇ ಹೇಳುತ್ತವೆ, ಸಂಖ್ಯೆಯನ್ನಲ್ಲ. ಆದಕಾರಣ ಅಣುಸೂತ್ರವು ಬೇರೆ ದಾರಿಯಿಂದ ತಿಳಿಯದಿದ್ದರೆ ಈ ತೀರ್ಮಾನ ಪೂರ್ಣವಾಗದು.