ಜೋಡಿ ಬಾಣವಿಲ್ಲದ ಶುಭಾಶಯ

ಡಿಸೆಂಬರ್ 31ರ ರಾತ್ರಿ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದು ಬೀಳುವ ಹೂಗುಚ್ಛಗಳನ್ನು ತೆರೆದು ನೋಡುವವರು ಕಡಿಮೆ. ಐದು ಕೈಗಳಾದರೂ ದಾಟಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಗುಟ್ಟು ಅಲ್ಲೇ ರಟ್ಟು.

ನೆರೆಯವರಿಗೆ ಬರೆಯುವಾಗ ಆ ಕಟ್ಟಡದವರಿಗಷ್ಟೇ ಗೊತ್ತಿರುವ ಒಂದು ಸಂಗತಿ ಸಾಕು. ಉದಾಹರಣೆಗೆ:

“ಬಿ ಬ್ಲಾಕಿನ ಎಲ್ಲರಿಗೂ ಹೊಸ ವರ್ಷದ ಶುಭಾಶಯ. ಆಗಸ್ಟಿನಲ್ಲಿ ಲಿಫ್ಟ್ ಕೆಟ್ಟಾಗ ನಮ್ಮ ಸಿಲಿಂಡರನ್ನು ನಾಲ್ಕನೇ ಮಹಡಿಗೆ ಹೊತ್ತು ತಂದ ಹುಡುಗರನ್ನು ಮರೆತಿಲ್ಲ. ಭಾನುವಾರ ಸಂಜೆ ಐದಕ್ಕೆ ನಮ್ಮನೆಗೆ ಬನ್ನಿ, ಕಾಫಿ, ಕೋಡುಬಳೆ ಇರುತ್ತದೆ. – 402ರವರು”

ನೆನಪು, ಕರೆ, ಮನೆ ನಂಬರು ಮೂರೂ ಇದರಲ್ಲಿವೆ. ಹನ್ನೆರಡಕ್ಕೆ ಕಳಿಸಿದರೆ ಚಿತ್ರಗಳಡಿ ಹೂತುಹೋಗುತ್ತದೆ, ಬೆಳಿಗ್ಗೆ ಎಂಟರ ಮೇಲೆ ವಾಸಿ. ಆ ವರ್ಷ ಸಾವಾದ ಮನೆಗೆ ಮಾತ್ರ ಇದು ಸಲ್ಲದು. ಅಲ್ಲಿ ಬಾಗಿಲು ತಟ್ಟಿ ಮಾತಾಡಿಸಬೇಕು.