ಮುಂದಿನ ಕತೆ ಎಲ್ಲಿಂದ ಬರುತ್ತದೆ?

1997ರಲ್ಲಿ ಸ್ಟೀಫನ್ ಹಿಲೆನ್‌ಬರ್ಗ್ ಅಮೆರಿಕದ ಮಕ್ಕಳ ವಾಹಿನಿ ನಿಕಲೋಡಿಯನ್‌ನವರ ಮುಂದೆ ತನ್ನ ಕಾರ್ಟೂನ್ ಸರಣಿಯನ್ನು ಇಡಲು ಹೋದಾಗ ಹವಾಯಿ ಅಂಗಿ ತೊಟ್ಟಿದ್ದರು. ಜೊತೆಗೊಂದು ಗಾಜಿನ ತೊಟ್ಟಿ, ಅದರಲ್ಲಿ ಕಡಲ ತಳದ ಪುಟ್ಟ ಲೋಕ, ಪಾತ್ರಗಳ ಬೊಂಬೆಗಳು. ಹಿನ್ನೆಲೆಗೆ ಹವಾಯಿ ಸಂಗೀತ. ಒಂದು ಕಾಲಕ್ಕೆ ಕಡಲಜೀವಿಗಳ ಪಾಠ ಹೇಳುತ್ತಿದ್ದ ಆ ಮನುಷ್ಯ ಮಾರಲು ಬಂದದ್ದು ‘ಸ್ಪಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್’ ಸರಣಿಯನ್ನು.

ಈಗ ಆ ತೊಟ್ಟಿಯ ಕೆಲಸವನ್ನು ಪಿಚ್ ಡೆಕ್ ಮತ್ತು ಟೀಸರ್ ಮಾಡುತ್ತವೆ. ಪಿಚ್ ಡೆಕ್ ಎಂದರೆ ಸರಣಿಯ ಜಾತಕವನ್ನು ಹತ್ತಿಪ್ಪತ್ತು ಚಿತ್ರಪುಟಗಳಲ್ಲಿ ಹೇಳುವ ಕಡತ. ಟೀಸರ್ ಒಂದೆರಡು ನಿಮಿಷದ ತುಣುಕು. ಇವನ್ನು ನೋಡಿ ಬೇಕು, ಬೇಡ ಎನ್ನುವವರು ವಾಹಿನಿಯ ಕಮಿಷನಿಂಗ್ ಎಡಿಟರ್. ಹೆಚ್ಚು ಹೊತ್ತೇನೂ ಸಿಗುವುದಿಲ್ಲ. ಫ್ರಾನ್ಸಿನ ತುಲೂಸ್‌ನಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಕಾರ್ಟೂನ್ ಫೋರಮ್‌ನಲ್ಲಿ ಒಂದು ತಂಡಕ್ಕೆ ಅರ್ಧ ಗಂಟೆ, ಅಷ್ಟೇ.

ಎಡಿಟರ್ ಕೊಳ್ಳುವುದು ಒಂದು ಒಳ್ಳೆಯ ಕತೆಯನ್ನಲ್ಲ. ಮಕ್ಕಳ ಸರಣಿಗಳಲ್ಲಿ ತಲಾ 11 ನಿಮಿಷದ 52 ಕಂತುಗಳ ಅಳತೆ ತೀರಾ ಸಾಮಾನ್ಯ. ಎರಡು ಕಂತು ಸೇರಿಸಿದರೆ ಜಾಹೀರಾತೂ ಹಿಡಿದು ಅರ್ಧ ಗಂಟೆ ತುಂಬುತ್ತದೆ. ಹಾಗಾಗಿ ಅವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಮೊದಲ ಕತೆ ಚೆನ್ನಾಗಿದೆ, ನಲವತ್ತನೆಯದು ಎಲ್ಲಿಂದ ಬರುತ್ತದೆ? ಹೊಸಬರು ತಮ್ಮ ಲೋಕದ ಸಾವಿರ ವರ್ಷದ ಇತಿಹಾಸ ಬರೆದು ಐದಾರು ಪುಟ ತುಂಬಿಸಿರುತ್ತಾರೆ. ಎಡಿಟರ್ ಅದನ್ನು ಮಗುಚಿ, ಪಾತ್ರಗಳ ಪುಟಕ್ಕೂ ಕಂತುಗಳ ಕಿರುಸಾರಾಂಶಕ್ಕೂ ಹೋಗುತ್ತಾರೆ. ಎಲ್ಲ ಸಾರಾಂಶವೂ ಊರಿಗೆ ಹೊಸಬನೊಬ್ಬ ಬಂದ, ಮಾಯದ ವಸ್ತುವೊಂದು ಸಿಕ್ಕಿತು ಎಂದೇ ಶುರುವಾದರೆ, ಕತೆ ಹುಟ್ಟುತ್ತಿರುವುದು ಪಾತ್ರಗಳಿಂದಲ್ಲ ಎಂದು ತಿಳಿಯುತ್ತದೆ. ಅಂಥ ಸರಣಿ ಹತ್ತು ಕಂತಿಗೆ ಬತ್ತಿಹೋಗುತ್ತದೆ.

ಸ್ಪಂಜ್‌ಬಾಬ್ ಲೋಕವನ್ನು ಈ ಕಣ್ಣಿನಿಂದ ನೋಡಿ. ಹೋಟೆಲಿನಲ್ಲಿ ಪ್ಯಾಟಿ ಬೇಯಿಸುವುದೇ ಪರಮಸುಖ ಎನ್ನುವ ಸ್ಪಂಜು. ಅದೇ ಹೋಟೆಲಿನ ಗಲ್ಲಾದಲ್ಲಿ ಕೂತು ಕೆಲಸಕ್ಕೂ ಸ್ಪಂಜಿಗೂ ಬೇಸತ್ತ ಸ್ಕ್ವಿಡ್‌ವರ್ಡ್; ಸಾಲದ್ದಕ್ಕೆ ಅವನ ಪಕ್ಕದ ಮನೆಯವನು. ಇಬ್ಬರಿಗೂ ಯಜಮಾನ, ಕಾಸೆಂದರೆ ಬಾಯಿಬಿಡುವ ಏಡಿ. ಒಬ್ಬ ಸಿಡುಕ ಗಿರಾಕಿಯನ್ನು ಒಳಗೆ ಬಿಟ್ಟರೆ ಸಾಕು: ಒಬ್ಬ ಅವನನ್ನು ಮೆಚ್ಚಿಸಲು ಹೊರಡುತ್ತಾನೆ, ಇನ್ನೊಬ್ಬ ಅವನು ತೊಲಗಿದರೆ ಸಾಕೆನ್ನುತ್ತಾನೆ, ಮತ್ತೊಬ್ಬ ಬಿಲ್ ಮಾತ್ರ ನೋಡುತ್ತಾನೆ. ಕತೆ ತಾನಾಗಿ ಎದ್ದುಬಂತು.

ಟೀಸರ್‌ನಲ್ಲಿ ಆಗುವ ತಪ್ಪು ಬೇರೆ ಬಗೆಯದು. ಕೈಲಿರುವ ದುಡ್ಡನ್ನೆಲ್ಲ ತೊಂಬತ್ತು ಸೆಕೆಂಡಿಗೆ ಸುರಿದು, ಬೆಟ್ಟಗಳ ಮೇಲೆ ಕ್ಯಾಮೆರಾ ಹಾರಿಸಿ, ಭರ್ಜರಿ ಸಂಗೀತ ಹಾಕುತ್ತಾರೆ. ನೋಡಲು ಸೊಗಸು. ಆದರೆ ಇದೇ ಗುಣಮಟ್ಟದಲ್ಲಿ ಐನೂರೆಪ್ಪತ್ತು ನಿಮಿಷ ಮಾಡಲು ಎಷ್ಟಾಗುತ್ತದೆ ಎಂದು ಎಡಿಟರ್ ಕೇಳಿದರೆ ಉತ್ತರವಿರುವುದಿಲ್ಲ. ವಾಹಿನಿ ಸಾಮಾನ್ಯವಾಗಿ ವೆಚ್ಚದ ಒಂದು ಪಾಲನ್ನಷ್ಟೇ ಕೊಡುತ್ತದೆ, ಉಳಿದದ್ದನ್ನು ಬೇರೆ ದೇಶದ ಪಾಲುದಾರರಿಂದ ಹೊಂದಿಸಬೇಕು. ಅದಕ್ಕಿಂತ ಒಂದೇ ಒಂದು ದೃಶ್ಯವನ್ನು ಪೂರ್ತಿ ತೋರಿಸುವುದು ಮೇಲು: ಒಂದು ಪಾತ್ರಕ್ಕೆ ಏನೋ ಬೇಕು, ಇನ್ನೊಂದು ಅಡ್ಡ ನಿಲ್ಲುತ್ತದೆ, ನಗು ಬರುತ್ತದೆ. ಅದು ಆನಿಮ್ಯಾಟಿಕ್ ಆಗಿದ್ದರೂ, ಅಂದರೆ ಸ್ಥಿರಚಿತ್ರಗಳನ್ನು ಧ್ವನಿಗೆ ಹೊಂದಿಸಿ ಓಡಿಸಿದ್ದಾದರೂ, ನಡೆಯುತ್ತದೆ. ಧ್ವನಿ ಮಾತ್ರ ಸರಿಯಿರಬೇಕು. ಚಿತ್ರ ಅರೆಬರೆಯಿದ್ದರೆ ಅನುಭವಿ ಕಣ್ಣು ತುಂಬಿಕೊಳ್ಳುತ್ತದೆ, ಸಪ್ಪೆ ಧ್ವನಿಯನ್ನು ಯಾರೂ ಕ್ಷಮಿಸುವುದಿಲ್ಲ.

ಹಿಲೆನ್‌ಬರ್ಗ್‌ಗೆ ತೊಟ್ಟಿಯೊಂದರಿಂದಲೇ ಕೆಲಸವಾಗಲಿಲ್ಲ. ವಾಹಿನಿಯವರು ಹಣ ಕೊಟ್ಟು, ಎರಡು ವಾರದಲ್ಲಿ ಮೊದಲ ಕಂತು ಬರೆದು ತನ್ನಿ ಎಂದರು. ಆತ ಡೆರೆಕ್ ಡ್ರೈಮನ್, ನಿಕ್ ಜೆನಿಂಗ್ಸ್ ಜೊತೆ ಮರಳಿ ಬಂದು ಅದನ್ನು ಅಭಿನಯಿಸಿ ತೋರಿಸಿದರು. ನಡುವೆ ಇಬ್ಬರು ಅಧಿಕಾರಿಗಳು ಎದ್ದು ಹೊರನಡೆದಾಗ ಇವರ ಎದೆ ಧಸಕ್ಕೆಂದಿತು. ಅವರು ಹೋದದ್ದು ನಕ್ಕು ಸುಸ್ತಾಗಿ.

ಒಪ್ಪಿಗೆಯೊಂದಿಗೆ ತಗಾದೆಯೂ ಬಂತು. ನಾಯಕ ಶಾಲೆಗೆ ಹೋಗುವ ಹುಡುಗನಾಗಲಿ ಎಂದಿತು ವಾಹಿನಿ. ನೋಡುವವರು ಶಾಲಾ ಮಕ್ಕಳಲ್ಲವೇ! ಹೋಟೆಲಿನಲ್ಲಿ ದುಡಿಯುವ ಸ್ಪಂಜನ್ನು ತರಗತಿಯಲ್ಲಿ ಕೂರಿಸಿದರೆ ಸ್ಕ್ವಿಡ್‌ವರ್ಡ್, ಏಡಿಯ ನಂಟೆಲ್ಲ ಕಡಿದುಹೋಗುತ್ತಿತ್ತು. ಹಿಲೆನ್‌ಬರ್ಗ್ ಸರಣಿಯನ್ನೇ ಕೈಬಿಡಲು ಸಿದ್ಧರಾದರು. ಕೊನೆಗೆ ಆದ ರಾಜಿ ಹೀಗೆ: ಸ್ಪಂಜು ದೊಡ್ಡವನಾಗಿಯೇ ಉಳಿದು, ದೋಣಿ ಓಡಿಸುವುದನ್ನು ಕಲಿಯಲು ಮಿಸೆಸ್ ಪಫ್ ಎಂಬ ಮೀನಮ್ಮನ ಡ್ರೈವಿಂಗ್ ಶಾಲೆಗೆ ಸೇರಿದ. 1999ರ ಮೇ 1ರಂದು ಮೊದಲು ಪ್ರಸಾರವಾದ ಸರಣಿಯಲ್ಲಿ ಅವನು ಲೈಸೆನ್ಸ್ ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸಾಗುವುದರಿಂದಲೇ ಎಷ್ಟೋ ಕಂತುಗಳು ಹುಟ್ಟಿಕೊಂಡವು.